ಡೆಮೋ ನೋಡಿ ತಗೊಂಡ ಕೋರ್ಸು ಕ್ಯಾನ್ಸಲ್ ಮಾಡಿದ್ರೆ ಇಎಂಐ ತಾನಾಗೇ ನಿಲ್ಲುತ್ತಾ?

ಪ್ರಶ್ನೆ: ಮನೆಗೆ ಬಂದು ಡೆಮೋ ಕೊಟ್ಟು ಮಗಳಿಗೆ ಲರ್ನಿಂಗ್ ಪ್ರೋಗ್ರಾಂ ಹಾಕ್ಸಿದ್ರು, ಇಎಂಐ ಮಾಡ್ಸಿದೀವಿ. ಟ್ಯಾಬ್ ಬಂದು 6 ದಿನ ಆಯ್ತು, ಈಗ ಬೇಡ ಅನ್ನಿಸ್ತಿದೆ. 15 ದಿನದೊಳಗೆ ವಾಪಸ್ ಕೊಡೋಕೆ ಕಾನೂನಲ್ಲೇ ಹಕ್ಕಿದೆ ಅಲ್ವಾ? ಬ್ಯಾಂಕಲ್ಲಿ ಆಟೋ ಡೆಬಿಟ್ ನಿಲ್ಲಿಸಿದ್ರೆ ಸಾಕಾ? (ಚಿತ್ರದುರ್ಗ)

ದಯವಿಟ್ಟು ಆಟೋ ಡೆಬಿಟ್ ಮುಟ್ಟಬೇಡಿ, ಮೊದಲು ಇದನ್ನ ಓದಿ.

ನಮಗೂ ಹಿಂಗೇ ಆಗಿತ್ತು. ನಮ್ದು ದಾವಣಗೆರೆ, ವಿದ್ಯಾನಗರ. ಭಾನುವಾರ ಮಧ್ಯಾಹ್ನ ಊಟ ಮಾಡಿ ಕೂತಿದ್ವಿ, ಟೈ ಹಾಕ್ಕೊಂಡಿದ್ದ ಸೇಲ್ಸ್ ಹುಡುಗ ಒಬ್ಬ ಬಂದ. ಒಳ್ಳೆ ಮಾತುಗಾರ. ನಮ್ಮ ಹುಡುಗಂಗೆ ಟ್ಯಾಬಲ್ಲಿ ಏನೋ ಟೆಸ್ಟ್ ಕೊಟ್ಟ, ಗಣಿತದ ಬೇಸಿಕ್ಸ್ ವೀಕ್ ಅಂತ ಬಂತು (ಯಾರ ಮಗುಗೆ ಕೊಟ್ರೂ ಅದೇ ಬರುತ್ತೆ ಅಂತ ನನ್ನ ಅನುಮಾನ). ಆಮೇಲೆ ನಮ್ಮ ಹುಡುಗನ ಮುಂದೇನೇ "ನಿಂಗೆ ಬೇಕಲ್ವಾ ಪುಟ್ಟಾ" ಅಂದ, ಅವನು ಹೂಂ ಅಂದ, ಇನ್ನು ನಾವು ಬೇಡ ಅನ್ನೋದು ಹೆಂಗೆ. ಕೋರ್ಸು 42,000. ಅವತ್ತೇ 6,000 ಡೌನ್ ಪೇಮೆಂಟು, ಉಳಿದ 36,000ಕ್ಕೆ ತಿಂಗಳಿಗೆ 2,000ದಂಗೆ 18 ಕಂತು, ಬಡ್ಡಿ ಇಲ್ಲ ಅಂದ. ಪ್ಯಾನು, ಆಧಾರು ಫೋಟೋ ಹೊಡ್ಕೊಂಡ, "ಅಂಕಲ್ ಒಂದು ಓಟಿಪಿ ಬರುತ್ತೆ ಹೇಳಿ, ಇನ್ನೊಂದು ಬರುತ್ತೆ ಅದೂ ಹೇಳಿ" ಅಂತ ಹೇಳಿಸ್ಕೊಂಡ. ಸಂಜೆ ನಮ್ಮನೆಯವಳು ಮೆಸೇಜ್ ನೋಡಿ, "ರೀ, ಇದ್ಯಾವುದೋ ಫೈನಾನ್ಸ್ ಹೆಸ್ರಲ್ಲಿ ನಿಮಗೆ 36,000 ಲೋನ್ ಸ್ಯಾಂಕ್ಷನ್ ಆಗೈತಂತೆ" ಅಂದಾಗ್ಲೇ ಗೊತ್ತಾಗಿದ್ದು, ಆ ಓಟಿಪಿ ಅಂದ್ರೆ ನನ್ನ ಸಹಿ ಅಂತ.

ಈಗ ನಿಮ್ಮ 15 ದಿನದ ವಿಷಯ. ಮನೆಗೆ ಬಂದು ಮಾರಿದ್ದನ್ನ ಇಷ್ಟು ದಿನದಲ್ಲಿ ಸುಮ್ನೆ ವಾಪಸ್ ಕೊಡಬಹುದು ಅಂತ ನಮ್ಮ ದೇಶದಲ್ಲಿ ಎಲ್ಲಾದಕ್ಕೂ ಅನ್ವಯಿಸೋ ಕಾನೂನು ಇಲ್ಲ. 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮದಲ್ಲಿ ಕೂಲಿಂಗ್ ಆಫ್, ಅಂದ್ರೆ ಬೇಡ ಅಂತ ಹಿಂದೆ ಸರಿಯೋಕೆ ಕೊಡೋ ಟೈಮು, ಐತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಕೊಂಡು ಕೂರಬೇಡಿ, ಅದು ಚೈನ್ ಥರ ನೆಟ್‌ವರ್ಕ್ ಕಟ್ಟಿ ಮಾರೋ ಕಂಪನಿಗಳಿಗೆ ಮಾಡಿರೋದು. ನಿಮಗೆ ಹೇಳಿರೋ 15 ದಿನ ಆ ಕಂಪನಿ ತನ್ನ ಷರತ್ತಲ್ಲಿ ತಾನೇ ಬರ್ಕೊಂಡಿರೋ ಮಾತು. ಹಂಗಾಗಿ ಅದರಲ್ಲಿ ಹೆಂಗೆ ಬರೆದೈತೋ ಹಂಗೇ ಮಾಡಬೇಕು: ಯಾವ ಇಮೇಲ್‌ಗೆ, ಯಾವ ದಿನದಿಂದ ಲೆಕ್ಕ, ಟ್ಯಾಬ್ ಯಾವ ಸ್ಥಿತೀಲಿ ಇರಬೇಕು, ಎಲ್ಲಾ.

ನಾನು ಎಡವಿದ್ದು ಇಲ್ಲೇ. ಮೂರ್ನಾಲ್ಕು ದಿನದಲ್ಲೇ ಬೇಡ ಅಂತ ತೀರ್ಮಾನ ಮಾಡಿದ್ದೆ, ತಡ ಮಾಡ್ಲಿಲ್ಲ, ಆದ್ರೆ ಹೇಳಿದ್ದು ಆ ಸೇಲ್ಸ್ ಹುಡುಗಂಗೆ, ಅದೂ ಫೋನಲ್ಲಿ. "ಆಯ್ತು ಅಂಕಲ್, ನಾನೇ ರಿಕ್ವೆಸ್ಟ್ ಹಾಕ್ತೀನಿ" ಅಂದ. ಆಮೇಲೆ ಮ್ಯಾನೇಜರ್ ಅಂತ ಒಬ್ಬರು ಫೋನ್ ಮಾಡಿ "ಒಂದು ವಾರ ಮಗು ಕ್ಲಾಸ್ ನೋಡ್ಲಿ ಸಾರ್, ಆಮೇಲೂ ಬೇಡ ಅಂದ್ರೆ ನಾನೇ ಮಾಡಿಸ್ಕೊಡ್ತೀನಿ" ಅಂದ್ರು. ಮಾರಿದ್ದು ವಾಪಸ್ ಹೋದ್ರೆ ಅವನ ಟಾರ್ಗೆಟ್ಟೂ ಹೋಗುತ್ತೆ, ಅವನು ಯಾಕೆ ಓಡಾಡ್ತಾನೆ ನನಗೋಸ್ಕರ, ಇಷ್ಟು ಸಣ್ಣ ವಿಷಯ ನನಗೆ ಹೊಳೀಲಿಲ್ಲ. ಷರತ್ತಲ್ಲಿ ಇದ್ದಿದ್ದು ಇಷ್ಟೇ: ಟ್ಯಾಬ್ ಕೈಗೆ ಬಂದ 15 ದಿನದೊಳಗೆ ಇಂಥ ಇಮೇಲ್‌ಗೆ ಬರೀಬೇಕು. ನಾನು ಹತ್ತಾರು ಸಲ ಫೋನ್ ಮಾಡಿದ್ರೂ ಅವರ ಪುಸ್ತಕದಲ್ಲಿ ನಾನು ಏನೂ ಹೇಳೇ ಇಲ್ಲ. ಮುಂದೆ ಅವರು ಬರೆದಿದ್ದೂ ಅದೇ, ನಿಮ್ಮಿಂದ ಅವಧಿಯೊಳಗೆ ಲಿಖಿತ ಮನವಿ ಬಂದಿಲ್ಲ ಅಂತ. ಇನ್ನೂ ದೊಡ್ಡ ತಪ್ಪು, ಲೋನ್ ಕೊಟ್ಟ ಫೈನಾನ್ಸ್‌ನವರಿಗೆ ನಾನು ಒಂದು ಸಾಲೂ ಬರೀಲಿಲ್ಲ. ಎರಡೂ ಒಂದೇ ಅಂದ್ಕೊಂಡಿದ್ದೆ. ಅಲ್ಲ. ಕೋರ್ಸಿನ ಒಪ್ಪಂದ ಕಂಪನಿ ಜೊತೆ, ಸಾಲದ ಒಪ್ಪಂದ ಫೈನಾನ್ಸ್ ಜೊತೆ. ಫೈನಾನ್ಸ್‌ನವರು ದುಡ್ಡನ್ನ ಕಂಪನಿಗೆ ಆವಾಗ್ಲೇ ಕೊಟ್ಟಾಗಿರುತ್ತೆ, ಕಂತು ಕಟ್ಟಬೇಕಾದೋರು ನಾವು. ಕೋರ್ಸು ನಿಂತ್ರೂ ಸಾಲ ನಿಲ್ಲಲ್ಲ, ಕಂಪನಿಯವರು ಆ ದುಡ್ಡು ಫೈನಾನ್ಸ್‌ಗೆ ವಾಪಸ್ ಕಟ್ಟಿ ಲೋನ್ ಫೋರ್‌ಕ್ಲೋಸ್ ಮಾಡಿದ್ರೆ, ಅಂದ್ರೆ ಅವಧಿಗೆ ಮುಂಚೇನೇ ಮುಚ್ಚಿದ್ರೆ, ಮಾತ್ರ ನಿಲ್ಲೋದು.

ಸಾಲಕ್ಕೆ ಮಾತ್ರ ನಿಜವಾದ ಕೂಲಿಂಗ್ ಆಫ್ ಐತೆ. ಮೊಬೈಲಲ್ಲೇ ಆಗೋ ಇಂಥ ಡಿಜಿಟಲ್ ಲೋನಿಗೆ ಆರ್‌ಬಿಐ 2022ರಲ್ಲಿ ಮಾಡಿದ ನಿಯಮ ಅದು, ಆವಾಗ ಕಮ್ಮಿ ಅಂದ್ರೂ 3 ದಿನ ಅಂತಿತ್ತು, 2025ರ ನಿರ್ದೇಶನದಲ್ಲಿ ಕಮ್ಮಿ ಅಂದ್ರೆ 1 ದಿನ ಅಂತ ಮಾಡಿದಾರೆ. ನಿಮ್ಮ ಲೋನಿಗೆ ಎಷ್ಟು ದಿನ ಅನ್ನೋದು ಕೆಎಫ್‌ಎಸ್ ಅಂತ ಬಂದಿರೋ, ಸಾಲದ ಮುಖ್ಯ ವಿವರ ಇರೋ ಪೇಪರಲ್ಲಿ ಇರುತ್ತೆ, ಇಮೇಲ್‌ನಲ್ಲಿ ಹುಡುಕಿ. ಆದ್ರೆ ಇದ್ರಲ್ಲೊಂದು ಕೊಕ್ಕೆ ಐತೆ: ಆ ಅವಧೀಲಿ ಹೊರಗೆ ಬರಬೇಕಂದ್ರೆ ಅಸಲು, ಅಷ್ಟು ದಿನದ ಬಡ್ಡಿ ನೀವೇ ಕಟ್ಟಬೇಕು, ದಂಡ ಮಾತ್ರ ಇರಲ್ಲ. ಅಸಲು ಕಂಪನಿ ಹತ್ರ ಕೂತೈತೆ, ಅಂದ್ರೆ ನನ್ನ ಲೆಕ್ಕದಲ್ಲಿ 36,000 ಜೇಬಿಂದ ಕಟ್ಟಿ ಆಮೇಲೆ ಕಂಪನಿ ಹಿಂದೆ ಅಲೀಬೇಕಿತ್ತು. ನಿಮಗೆ 6 ದಿನ ಆಗೈತೆ, ಆ ಬಾಗಿಲು ಮುಚ್ಚಿರಲೂಬಹುದು, ಹಂಗಾಗಿ ಕಂಪನಿಯ 15 ದಿನವೇ ನಿಮಗೆ ಗಟ್ಟಿ.

ಇವತ್ತೇ ಒಂದು ಇಮೇಲ್ ಬರೀರಿ, ಕಂಪನಿಯ ಷರತ್ತಲ್ಲಿರೋ ವಿಳಾಸಕ್ಕೆ, ಅದೇ ಇಮೇಲ್‌ನಲ್ಲಿ ಫೈನಾನ್ಸ್‌ನ ದೂರು ಅಧಿಕಾರಿಗೂ (ಅವರ ಹೆಸರು, ಫೋನು ಕೆಎಫ್‌ಎಸ್‌ನಲ್ಲೇ ಇರುತ್ತೆ). ಉದ್ದ ಬೇಡ. ಟ್ಯಾಬ್ ಬಂದ ತಾರೀಕು, ಆರ್ಡರ್ ನಂಬರ್, ಲೋನ್ ನಂಬರ್ ಹಾಕಿ, ಕೋರ್ಸ್ ರದ್ದು ಮಾಡ್ತಿದೀನಿ, ಲೋನ್ ಫೋರ್‌ಕ್ಲೋಸ್ ಮಾಡಿ ಸಾಲ ಬಾಕಿ ಇಲ್ಲ ಅನ್ನೋ ಎನ್‌ಒಸಿ ಪತ್ರ ಕಳಿಸಿ, ಡೌನ್ ಪೇಮೆಂಟ್ ವಾಪಸ್ ಕೊಡಿ ಅಂತ. ಟ್ಯಾಬಿನ ನಾಲ್ಕೂ ಕಡೆ, ಸ್ಕ್ರೀನ್ ಆನ್ ಮಾಡಿ, ಬಾಕ್ಸು ಚಾರ್ಜರ್ ಸಮೇತ ಫೋಟೋ ಹೊಡೀರಿ, ಮಗಳ ಕೈಗೆ ಮತ್ತೆ ಕೊಡಬೇಡಿ. ಯಾರಾದ್ರೂ ಬಂದು ಒಯ್ದರೆ ರಸೀದಿ ಇಲ್ಲದೆ ಕೊಡಬೇಡಿ, ಗೀರು ಬಿದ್ದೈತೆ ಅಂತ ದುಡ್ಡು ಹಿಡಿಯೋದು ಅಲ್ಲೇ. ಸೇಲ್ಸ್‌ನವರು ಫೋನ್ ಮಾಡಿದ್ರೆ "ಇಮೇಲ್‌ನಲ್ಲೇ ಬರೀರಿ" ಅಂತ ಇಟ್ಬಿಡಿ. ಒಂದು ತಿಂಗಳು ನೋಡೋಣ, ಸ್ವಲ್ಪ ದಿನ ಕೋರ್ಸ್ ನಿಲ್ಲಿಸಿ ಇಡೋಣ ಅನ್ನೋ ಆಫರ್‌ಗೆಲ್ಲ ಒಂದೇ ಕೆಲಸ, ದಿನ ಕಳೆಸೋದು.

ಆಟೋ ಡೆಬಿಟ್ ಯಾಕೆ ಬೇಡ ಅಂದೆ ಅಂದ್ರೆ, ಬ್ಯಾಂಕಿಗೆ ಕೊಟ್ಟಿರೋ ಆಟೋ ಡೆಬಿಟ್ ಒಪ್ಪಿಗೆ ರದ್ದು ಮಾಡಿದ್ರೆ ಕಂತು ಬಾಕಿ ಆಗುತ್ತೇ ಹೊರತು ಸಾಲ ರದ್ದಾಗಲ್ಲ. ದಂಡ ಬೀಳುತ್ತೆ, ಸಿಬಿಲ್‌ಗೆ ಹೋಗುತ್ತೆ, ಅಕೌಂಟಲ್ಲಿ ದುಡ್ಡಿಲ್ಲದೆ ಡೆಬಿಟ್ ಬೌನ್ಸ್ ಆದ್ರೆ 2007ರ ಪೇಮೆಂಟ್ ಕಾಯ್ದೆಯ ಸೆಕ್ಷನ್ 25ರಲ್ಲಿ ಚೆಕ್ ಬೌನ್ಸ್ ಥರಾನೇ ಕೇಸೂ ಹಾಕಬಹುದು. ಕಂತಿನ ದಿನ ದುಡ್ಡು ಇಡಿ, ಹೊಟ್ಟೆ ಉರಿದ್ರೂ ಇಡಿ, "ಆಕ್ಷೇಪಣೆ ಇಟ್ಕೊಂಡೇ ಕಟ್ತಿದೀನಿ" ಅಂತ ಇಮೇಲ್ ಹಾಕಿ. ನಿಲ್ಲಿಸೋದು ಎನ್‌ಒಸಿ ಕೈಗೆ ಬಂದ ಮೇಲೆ.

ನಂದು ಏನಾಯ್ತು ಅಂದ್ರೆ, ಮೊದಲ ಕಂತು ಹೋದ್ಮೇಲೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆ, ಫೈನಾನ್ಸ್‌ನವರಿಗೆ ಲಿಖಿತ ದೂರು ಕೊಟ್ಟು 30 ದಿನ ಕಾದು ಆರ್‌ಬಿಐ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ಹಾಕಿದೆ. ಕೊನೆಗೆ ಕಂಪನಿಯವರು ರಾಜಿಗೆ ಬಂದ್ರು, ಬಾಕಿ 32,000 ಅವರೇ ಕಟ್ಟಿ ಲೋನ್ ಮುಚ್ಚಿದ್ರು, ಡೌನ್ ಪೇಮೆಂಟು, ಅಷ್ಟರಲ್ಲಿ ಕಟ್ಟಿದ್ದ ಎರಡು ಕಂತು ಸೇರಿ 10,000 ನನ್ನದು ಹೋಯ್ತು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿದ್ರೆ ಅದನ್ನೂ ಕೇಳಬಹುದಿತ್ತು, 5 ಲಕ್ಷದವರೆಗೆ ಫೀಸ್ ಇಲ್ಲ, ನಾವಿರೋ ಊರಲ್ಲೇ ಹಾಕಬಹುದು, 2 ವರ್ಷ ಟೈಮ್ ಐತೆ. ನಮ್ಮನೆಯವಳು ಸಾಕು ಬಿಡ್ರಿ ಅಂದ್ಲು, ಬಿಟ್ಟೆ. ನೀವು ಹೋಗೋದಾದ್ರೆ ಕಂಪನಿ, ಫೈನಾನ್ಸ್ ಇಬ್ಬರನ್ನೂ ಪಾರ್ಟಿ ಮಾಡಿ.

ಎನ್‌ಒಸಿ ಬಂದು ಒಂದೆರಡು ತಿಂಗಳಾದ ಮೇಲೆ ಸಿಬಿಲ್ ರಿಪೋರ್ಟ್ ತೆಗೆದು ನೋಡಿ, ವರ್ಷಕ್ಕೊಂದು ಫ್ರೀ ಕೊಡ್ತಾರೆ. ಆ ಲೋನ್ ಮುಂದೆ ಕ್ಲೋಸ್ಡ್ ಅಂತ ಇರಬೇಕು, ಸೆಟಲ್ಡ್, ಅಂದ್ರೆ ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿದಿದ್ದು ಅಂತಿದ್ರೆ ಬಿಡಬೇಡಿ, ಎನ್‌ಒಸಿ ಹಾಕಿ ಅಲ್ಲೇ ಡಿಸ್ಪ್ಯೂಟ್ ರೈಸ್ ಮಾಡಿ ತಿದ್ದಿಸಿ.