ಬಾಡಿಗೆ ಮನೆಯ ಗೋಡೆಗೆ ಅಂಟಿದ ಸಿಗರೇಟು

ಪ್ರಶ್ನೆ: ಹುಬ್ಬಳ್ಳಿ ಕೇಶ್ವಾಪುರದಲ್ಲಿ ಬಾಡಿಗೆ ಮನೆ ಹಿಡಿದಿದ್ದೇವೆ. ಹಿಂದೆ ಇದ್ದವರು ಒಳಗೇ ಸಿಗರೇಟ್ ಸೇದುತ್ತಿದ್ದರಂತೆ. ಗೋಡೆ, ಪರದೆ, ಮಾಲೀಕರ ಹಳೇ ಸೋಫಾ ಎಲ್ಲಾ ನಾರುತ್ತಿವೆ. ಒಂದು ಕೋಟ್ ಬಣ್ಣ ಹೊಡೆಸಿ ಕೊಡ್ತೀನಿ ಅಂತಾರೆ ಮಾಲೀಕರು. ಅಷ್ಟು ಸಾಕಾ? ಮನೆಯಲ್ಲಿ ಎಂಟು ತಿಂಗಳ ಮಗು ಇದೆ.

ಉತ್ತರ:

ಸಾಲದು. ಮೊದಲು ತೊಳೆಸಿ, ಬಣ್ಣ ಆಮೇಲೆ. ನಾನು ಇದನ್ನು ಉಲ್ಟಾ ಮಾಡಿ ಎರಡು ಸಲ ಕೆಲಸ ಮಾಡಿಸಿದವನು.

ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಳೇ ಮನೆಯ ಮೇಲಂತಸ್ತು ಹಿಡಿದಿದ್ದೆ. ಹಾಲ್‌ನಲ್ಲಿ ವಾಸನೆ ಇದೆ ಎಂದರೆ ಮಾಲೀಕರಾದ ಅಜ್ಜಾರು, ‘ಬಣ್ಣಾ ಹೊಡಸ್ತೇನ್ರೀ, ಆಮ್ಯಾಲೆ ಎಲ್ಲಿ ವಾಸನಿ?’ ಎಂದರು. ಏಪ್ರಿಲ್‌ನಲ್ಲಿ ಒಂದು ಕೋಟ್ ಡಿಸ್ಟೆಂಪರ್ ಆಯಿತು. ಮೇ ಪೂರ್ತಿ ಕಿಟಕಿ ತೆರೆದೇ ಇರುತ್ತಿತ್ತು, ಏನೂ ಗೊತ್ತಾಗಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು, ಕಿಟಕಿ ಮುಚ್ಚಿದೆವು. ಒಂದು ದಿನ ಬೆಳಿಗ್ಗೆ ಹಾಲ್‌ಗೆ ಬಂದರೆ ರಾತ್ರಿಯಿಡೀ ಯಾರೋ ಕೂತು ಸೇದಿದ ಹಾಗೆ ವಾಸನೆ. ನನ್ನ ಹೆಂಡತಿ ನನ್ನನ್ನೇ ಅನುಮಾನದಿಂದ ನೋಡಿದಳು. ಶ್ರಾವಣದ ಹೊತ್ತಿಗೆ ಹೊಸ ಬಣ್ಣದ ಮೇಲೆ ಹಳದಿ ಮಚ್ಚೆ ಎದ್ದವು. ಬಚ್ಚಲ ಪಕ್ಕದ ಗೋಡೆಯಲ್ಲಿ ಚಹಾದ ಬಣ್ಣದ ಸಣ್ಣ ಹನಿಗಳು, ಗೋಡೆ ಬೆವರಿದ ಹಾಗೆ.

ಸಿಗರೇಟಿನ ಹೊಗೆ ಗಾಳಿಯಲ್ಲಿ ಹೋಗಿಬಿಡುತ್ತದೆ ಅಂತ ನಾವು ತಿಳಿದಿರುತ್ತೇವೆ. ಗೋಡೆಯ ಮೇಲೆ ಉಳಿಯುವುದು ಟಾರ್ ಮತ್ತು ನಿಕೋಟಿನ್. ಟಾರ್ ಕಂದು ಬಣ್ಣದ ಅಂಟು, ಅಡುಗೆಮನೆಯ ಜಿಡ್ಡಿನ ಹಾಗೆ. ನಿಕೋಟಿನ್ ಅದರ ಜೊತೆ ಗೋಡೆಯೊಳಗೆ ಇಳಿದು, ಸ್ವಲ್ಪ ಸ್ವಲ್ಪವೇ ಮತ್ತೆ ಗಾಳಿಗೆ ಬರುತ್ತಿರುತ್ತದೆ. ಗೋಡೆಗೆ ತೇವ ತಗುಲಿದರೆ ಜಾಸ್ತಿ ಬರುತ್ತದೆ. ನೀರಿನ ಬಣ್ಣ ಇದನ್ನು ತಡೆಯುವುದಿಲ್ಲ. ಬಣ್ಣದ ನೀರಿನಲ್ಲೇ ಕರಗಿ ಅದು ಮೇಲಕ್ಕೆ ಬರುತ್ತದೆ. ಮನೆ ಖಾಲಿ ಬಿಟ್ಟರೂ ಹೋಗುವುದಿಲ್ಲ. ಅಮೆರಿಕದಲ್ಲಿ ಸೇದುವವರು ಬಿಟ್ಟುಹೋದ ಮನೆಗಳನ್ನು ಪರೀಕ್ಷಿಸಿದ ಒಂದು ಅಧ್ಯಯನ 2011ರಲ್ಲಿ ಬಂತು. ಸುಮಾರು ಎರಡು ತಿಂಗಳು ಖಾಲಿ ಇದ್ದು, ಶುಚಿ ಮಾಡಿದ ಮನೆಗಳವು. ಆದರೂ ಹೊಸದಾಗಿ ಬಂದ, ಸೇದದೇ ಇರುವವರ ಬೆರಳಿನಲ್ಲಿ ನಿಕೋಟಿನ್ ಸಿಕ್ಕಿತ್ತು. ಅಂಬೆಗಾಲಿಡುವ ಮಗು ನೆಲ ಮುಟ್ಟಿ ಕೈ ಬಾಯಿಗೆ ಇಡುತ್ತದೆ, ಅಲ್ವಾ? ಅದಕ್ಕೇ ನಿಮ್ಮ ಮನೆಯಲ್ಲಿ ವಾಸನೆಗಿಂತ ಇದು ಮುಖ್ಯ. ತೊಳೆಯುವ, ಬಣ್ಣ ಹೊಡೆಸುವ ದಿನಗಳಲ್ಲಿ ಮಗುವನ್ನು ಅಜ್ಜಿ ಮನೆಗೆ ಕಳಿಸಿಬಿಡಿ.

ಮೊದಲು ಒಂದು ಪರೀಕ್ಷೆ ಮಾಡಿ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ, ತಲೆಗಿಂತ ಎತ್ತರದಲ್ಲಿ ಗೋಡೆಯನ್ನು ಇಪ್ಪತ್ತು ಸಲ ಉಜ್ಜಿ. ಹೊಗೆ ಮೇಲಕ್ಕೇ ಹೋಗುವುದರಿಂದ ಕೊಳೆ ಅಲ್ಲೇ ಜಾಸ್ತಿ. ಬಟ್ಟೆಗೆ ಬರೀ ಹಳದಿ ಕಂದು ಬಂದು ಗೋಡೆಯ ಬಣ್ಣ ಹಾಗೇ ಉಳಿದರೆ ಅದು ಎಮಲ್ಷನ್ ಅಥವಾ ಆಯಿಲ್ ಪೇಂಟ್. ಪುಣ್ಯ ಮಾಡಿದ್ದೀರಿ, ತೊಳೆಯಬಹುದು. ಬಟ್ಟೆಗೆ ಬಣ್ಣದ ಪುಡಿಯೇ ಅಂಟಿ ಬಂದರೆ ಡಿಸ್ಟೆಂಪರ್ ಅಥವಾ ಸುಣ್ಣ. ಅದನ್ನು ತೊಳೆಯಲು ಹೋದರೆ ಗೋಡೆ ಕೆಸರಾಗುತ್ತದೆ. ಅದನ್ನು ಕೆರೆದು ತೆಗೆಯಬೇಕು. ನಮ್ಮ ಕಡೆ ಬಾಡಿಗೆ ಮನೆಗಳಲ್ಲಿ ಹಾಲ್‌ಗೆ ಒಂದು, ರೂಮಿಗೆ ಒಂದು ಇರುವುದು ಸಾಮಾನ್ಯ, ಹಾಗಾಗಿ ಪ್ರತಿ ಕೋಣೆಯಲ್ಲೂ ಉಜ್ಜಿ ನೋಡಿ.

ನನ್ನ ಮಲಗುವ ಕೋಣೆಯದು ಎಮಲ್ಷನ್. ಅದನ್ನು ತೊಳೆದದ್ದು ಹೀಗೆ. ಐದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಅಡುಗೆ ಸೋಡಾ ಅಲ್ಲ, ಅದಕ್ಕೆ ಜಿಡ್ಡು ಬಿಡಿಸುವ ಶಕ್ತಿ ಕಡಿಮೆ. ವಾಷಿಂಗ್ ಸೋಡಾ ಕೈ ಸುಡುತ್ತದೆ, ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಇನ್ನೊಂದು ಬಕೆಟ್‌ನಲ್ಲಿ ಬರೀ ನೀರು ಇಟ್ಟುಕೊಳ್ಳಿ, ಬಟ್ಟೆ ಹಿಂಡುವುದಕ್ಕೆ. ಒಂದೇ ಬಕೆಟ್ ಆದರೆ ಅದೇ ಟಾರ್ ಮತ್ತೆ ಗೋಡೆಗೆ ಹೋಗುತ್ತದೆ.

ಸೀಲಿಂಗ್ ಮೊದಲು. ಗೋಡೆಗೆ ಬಂದಾಗ ಮಾತ್ರ ಕೆಳಗಿನಿಂದ ಮೇಲಕ್ಕೆ ಹೋಗಿ. ಕೇಳಲು ವಿಚಿತ್ರ ಅನಿಸುತ್ತದೆ. ಮೇಲಿನಿಂದ ಶುರು ಮಾಡಿದರೆ ಕಂದು ನೀರು ಕೆಳಗಿನ ಒಣ ಗೋಡೆಯ ಮೇಲೆ ಗೆರೆ ಗೆರೆಯಾಗಿ ಇಳಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ಆಗಲೇ ಒದ್ದೆಯಾದ ಗೋಡೆಯ ಮೇಲೆ ಇಳಿದರೆ ಒರೆಸಿದಾಗ ಹೋಗುತ್ತದೆ. ಒಂದು ಸಲಕ್ಕೆ ಒಂದು ಗಜ ಅಗಲದಷ್ಟು ಮಾತ್ರ ತೊಳೆದು, ಕೂಡಲೇ ಬರೀ ನೀರಿನಲ್ಲಿ ಒರೆಸಿ. ನೀರು ಚಹಾದ ಬಣ್ಣಕ್ಕೆ ಬಂದ ತಕ್ಷಣ ಚೆಲ್ಲಿ. ಹತ್ತಕ್ಕೆ ಹನ್ನೆರಡು ಅಡಿ ಕೋಣೆಗೆ ನನಗೆ ಹನ್ನೊಂದು ಬಕೆಟ್ ಬೇಕಾಯಿತು. ಸ್ವಿಚ್ ಬೋರ್ಡ್ ಹತ್ತಿರ ಹೋಗುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ. ಫ್ಯಾನಿನ ರೆಕ್ಕೆಯ ಮೇಲ್ಭಾಗ, ಟ್ಯೂಬ್‌ಲೈಟ್ ಪಟ್ಟಿ, ಕಿಟಕಿಯ ಸೊಳ್ಳೆ ಜಾಲರಿ, ಬಾಗಿಲ ಮೇಲಿನ ಅಂಚು ಇವನ್ನು ಮರೆಯಬೇಡಿ. ನಾನು ಫ್ಯಾನ್ ಮರೆತಿದ್ದೆ. ಗೋಡೆಯೆಲ್ಲ ತೊಳೆದು ರಾತ್ರಿ ಫ್ಯಾನ್ ಹಾಕಿದರೆ ಮತ್ತೆ ಅದೇ ವಾಸನೆ!

ತೊಳೆಯುವಾಗ ವಾಸನೆ ಇನ್ನೂ ಜೋರಾಗುತ್ತದೆ, ಗಾಬರಿಯಾಗಬೇಡಿ. ಸೋಡಾದಿಂದ ನಿಕೋಟಿನ್ ಗೋಡೆ ಬಿಟ್ಟು ಗಾಳಿಗೆ ಏಳುತ್ತದೆ. ಕಿಟಕಿ ತೆರೆದಿರಲಿ. ಮರುದಿನ ಗೋಡೆ ಒಣಗಿದ ಮೇಲೆ ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಒಂದು ಸಲ ಒರೆಸಿ. ಹುಳಿ ತಗುಲಿದರೆ ನಿಕೋಟಿನ್ ಉಪ್ಪಿನ ಹಾಗಾಗುತ್ತದೆ. ಆಗ ಅದು ಗಾಳಿಗೆ ಏಳದೆ ನೀರಿನ ಜೊತೆ ಹೋಗುತ್ತದೆ. ಸೋಡಾ ಮತ್ತು ವಿನೆಗರ್ ಒಂದೇ ಬಕೆಟ್‌ಗೆ ಹಾಕಬೇಡಿ. ನೊರೆ ಚೆನ್ನಾಗಿ ಬರುತ್ತದೆ, ಎರಡರ ಶಕ್ತಿಯೂ ಅಲ್ಲೇ ಮುಗಿಯುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ವಿನೆಗರ್ ಬೆರೆಸಲೇಬಾರದು, ವಿಷದ ಗಾಳಿ ಏಳುತ್ತದೆ. ಇನ್ನೊಂದು ವಿಷಯ, ನೆಲ ಶಹಾಬಾದ್ ಕಲ್ಲಿನದಾದರೆ ಹಳೇ ಚಾದರ ಹಾಸಿಕೊಂಡು ಕೆಲಸ ಮಾಡಿ. ಅದು ಸುಣ್ಣದ ಕಲ್ಲು. ವಿನೆಗರ್ ಬಿದ್ದರೆ ಹೊಳಪು ಹೋಗಿ ಮಚ್ಚೆಯಾಗುತ್ತದೆ, ಆಮೇಲೆ ಡಿಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ. ಸುಣ್ಣದ ಗೋಡೆಗೂ ವಿನೆಗರ್ ಬೇಡ.

ಹಾಲ್‌ನ ಡಿಸ್ಟೆಂಪರ್‌ಗೆ ಬೇರೆ ದಾರಿಯೇ ಇರಲಿಲ್ಲ. ದಸರಾ ಆದಮೇಲೆ ಗೋಡೆ ಒಣಗಿತು. ನೀರು ಚಿಮುಕಿಸಿ, ಅಜ್ಜಾರು ಹೊಡೆಸಿದ ಕೋಟ್ ಮತ್ತು ಅದರ ಕೆಳಗಿನದನ್ನು ಪಟ್ಟಿಯಿಂದ ಕೆರೆದು, ಒರೆಸಿ, ಎರಡು ದಿನ ಒಣಗಲು ಬಿಟ್ಟೆವು. ಮೇಲೆ ಸಾಲ್ವೆಂಟ್ ಪ್ರೈಮರ್. ಅಂದರೆ ಟರ್ಪೆಂಟೈನ್ ಬೆರೆಸಿ ಹಚ್ಚುವಂಥದ್ದು. ಪೇಂಟರ್ ಬಹಳ ಸಲ ‘ವಾಟರ್ ಪ್ರೈಮರ್ ಸಾಕ್ರೀ’ ಅಂತಾನೆ. ಅದು ಅಗ್ಗ, ಬೇಗ ಒಣಗುತ್ತದೆ, ನಾರುವುದೂ ಇಲ್ಲ. ಆದರೆ ನೀರಿನಲ್ಲಿ ಕರಗುವ ಕಲೆಯನ್ನು ನೀರಿನ ಪ್ರೈಮರ್ ಹೇಗೆ ತಡೆಯುತ್ತದೆ? ನಾನು ವಾದ ಮಾಡಲು ಹೋಗಲಿಲ್ಲ. ಒಂದು ಮೂಲೆಯಲ್ಲಿ ಅಡಿ ಚೌಕದಷ್ಟು ವಾಟರ್ ಪ್ರೈಮರ್, ಪಕ್ಕದಲ್ಲಿ ಅಷ್ಟೇ ಸಾಲ್ವೆಂಟ್ ಪ್ರೈಮರ್ ಹಚ್ಚಿಸಿದೆ. ಬೆಳಿಗ್ಗೆ ಹೊತ್ತಿಗೆ ಮೊದಲನೆಯದು ಹಳದಿಯಾಗಿತ್ತು. ಪೇಂಟರ್ ತಾನೇ ಒಪ್ಪಿಕೊಂಡ.

ಸಾಲ್ವೆಂಟ್ ಪ್ರೈಮರ್‌ಗೆ ತಲೆ ಹಿಡಿಯುವಂಥ ವಾಸನೆ. ಒಂದು ಪೂರ್ತಿ ದಿನ ಒಣಗಲಿ, ಒಲೆ ಹಚ್ಚಬೇಡಿ, ದೀಪವೂ ಬೇಡ. ತೇವದ ಗೋಡೆಗೆ ಹಚ್ಚಿದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಮಾಡಿಸಬೇಡಿ. ಮೇಲಿನ ಬಣ್ಣ ನಿಮ್ಮ ಮಾಲೀಕರಿಗೆ ಇಷ್ಟವಾದದ್ದು ಹೊಡೆಯಲಿ.

ಖರ್ಚು ಯಾರದು ಎನ್ನುವುದನ್ನು ಮೊದಲೇ ಮಾತಾಡಿ. ನಾನು ಹಳದಿ ಮಚ್ಚೆಯ ಫೋಟೋ ಮತ್ತು ಒರೆಸಿದ ಬಟ್ಟೆ ಎರಡನ್ನೂ ಅಜ್ಜಾರಿಗೆ ತೋರಿಸಿದೆ. ಬಟ್ಟೆ ನೋಡಿದ ಮೇಲೆ ಅವರು ಜಾಸ್ತಿ ಮಾತಾಡಲಿಲ್ಲ. ಪ್ರೈಮರ್, ಬಣ್ಣ ಅವರದು, ತೊಳೆಯುವ, ಕೆರೆಯುವ ಕೆಲಸ ನಮ್ಮದು ಅಂತ ಆಯಿತು. ಬಿಡುವಾಗ ಪೇಂಟಿಂಗ್‌ಗೆ ಅಂತ ಹಣ ಹಿಡಿಯಬಾರದು ಎಂಬುದನ್ನೂ ಆಗಲೇ ವಾಟ್ಸಾಪ್‌ನಲ್ಲಿ ಬರೆಸಿಕೊಂಡೆ.

ಪರದೆ ಸುಲಭ. ಹೊರಗೆ ಒಯ್ದು ಜಾಡಿಸಿ, ಹತ್ತಿಯದಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಪೌಡರ್ ಜೊತೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಒಂದು ತಾಸು ನೆನೆಸಿ. ನೀರು ಕಂದಾಗುತ್ತದೆ. ಚೆಲ್ಲಿ ಮತ್ತೆ ನೆನೆಸಿ, ನೀರು ತಿಳಿಯಾಗುವವರೆಗೆ. ನಮ್ಮದಕ್ಕೆ ಮೂರು ಸಲ ಬೇಕಾಯಿತು. ಕೊನೆಯ ನೀರಿಗೆ ಅರ್ಧ ಕಪ್ ವಿನೆಗರ್ ಹಾಕಿ ಹಿಂಡಿ ಬಿಸಿಲಿಗೆ ಹಾಕಿ. ರೇಷ್ಮೆಗೆ ಸೋಡಾ ಬೇಡ. ಹಿಂದೆ ರಬ್ಬರ್ ಪದರ ಇರುವ ದಪ್ಪ ಪರದೆಗೆ ಬಿಸಿ ನೀರು ಬೇಡ, ಪದರ ಕಿತ್ತು ಬರುತ್ತದೆ. ಒಂದು ಎಚ್ಚರಿಕೆ: ತೊಳೆದ ಪರದೆಯನ್ನು ತೊಳೆಯದ ಕೋಣೆಯಲ್ಲಿ ಕಟ್ಟಿದರೆ ಹದಿನೈದು ದಿನದಲ್ಲಿ ಮತ್ತೆ ನಾರುತ್ತದೆ. ಗೋಡೆಯ ಕೆಲಸ ಮುಗಿಯುವ ತನಕ ಮಡಚಿ ಬೇರೆ ಕಡೆ ಇಡಿ.

ಸೋಫಾ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ವ್ಯಾಕ್ಯೂಮ್ ಮಾಡಿ ಎನ್ನುತ್ತಾರೆ. ಮೇಲಿನ ಬಟ್ಟೆಗೆ ಅದು ಸ್ವಲ್ಪ ಸರಿ. ವಾಸನೆ ಕೂತಿರುವುದು ಒಳಗಿನ ಫೋಮ್‌ನಲ್ಲಿ, ಅಲ್ಲಿಗೆ ಪುಡಿ ಇಳಿಯುವುದಿಲ್ಲ. ಕುಶನ್ನಿನ ಜಿಪ್ ತೆಗೆದು ಫೋಮ್ ಮೂಸಿ ನೋಡಿ. ವಾಸನೆ ಕವರ್‌ನಲ್ಲಿ ಮಾತ್ರ ಇದ್ದರೆ ಪರದೆಯ ಹಾಗೇ ತೊಳೆಯಿರಿ. ಫೋಮ್ ಕೂಡ ನಾರುತ್ತಿದ್ದರೆ ಬದಲಾಯಿಸದೆ ಗತಿಯಿಲ್ಲ. ಒದ್ದೆ ಮಾಡಿ ತೊಳೆಯಲು ಹೋದರೆ ಒಳಗೆ ಒಣಗದೆ ಬೂಸ್ಟು ಹಿಡಿದು ಎರಡನೇ ವಾಸನೆ ಶುರುವಾಗುತ್ತದೆ. ಮಾಲೀಕರ ಸೋಫಾ ಅಂದಿರಲ್ಲ, ಹೊಸ ಫೋಮ್‌ಗೆ ನೀವು ಹಣ ಹಾಕಬೇಡಿ. ‘ಇದನ್ನ ನೀವ ಒಯ್ಯಿರಿ’ ಅಂತ ವಾಪಸ್ ಕೊಡಿ. ಎಂಟು ತಿಂಗಳ ಮಗು ಇರುವ ಮನೆಗೆ ಆ ಸೋಫಾಕ್ಕಿಂತ ಚಾಪೆ ಮೇಲು.

ಊದುಬತ್ತಿ, ಲೋಬಾನ ಹಾಕಿ ನೋಡುವುದು ಬೇಡ. ಅದೂ ಹೊಗೆಯೇ, ಗೋಡೆಗೆ ಇನ್ನೊಂದು ಪದರ. ಓಝೋನ್ ಯಂತ್ರ ತಂದು ಮಾಡಿಕೊಡುತ್ತೇವೆ ಎಂದು ಯಾರಾದರೂ ಬಂದರೂ ಬೇಡ ಅನ್ನಿ. ಓಝೋನ್ ನಿಕೋಟಿನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್‌ನಂಥ ಬೇರೆ ಕೆಟ್ಟ ವಸ್ತುಗಳನ್ನು ಹುಟ್ಟಿಸುತ್ತದೆ.

ಕೆಲಸ ಆಯಿತೋ ಇಲ್ಲವೋ ನಿಮ್ಮ ಮೂಗಿಗೆ ತಿಳಿಯುವುದಿಲ್ಲ, ಅದಕ್ಕೆ ರೂಢಿಯಾಗಿರುತ್ತದೆ. ಮಳೆ ಬರುವ ದಿನ ಮನೆಯನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಮುಚ್ಚಿಟ್ಟು, ಹೊರಗಿನವರೊಬ್ಬರನ್ನು ಮೊದಲು ಒಳಗೆ ಕಳಿಸಿ. ಮುಂದಿನ ಜೂನ್‌ನಲ್ಲಿ ನಾನು ಗದಗದಿಂದ ಬಂದ ಅಕ್ಕನಿಗೆ ಏನೂ ಹೇಳದೆ ಹಾಗೆ ಕಳಿಸಿದೆ. ಹಾಲ್, ಕೋಣೆ ಎಲ್ಲ ದಾಟಿ ಹೋದಳು, ಗೋಡೆಯೊಳಗಿನ ಕಟ್ಟಿಗೆ ಕಪಾಟಿನ ಬಾಗಿಲು ತೆಗೆದವಳೇ, ‘ಯಾರೋ ಇದ್ರಾಗ ಸಿಗರೇಟ ಇಟ್ಟಿದ್ರೇನೋ?’ ಎಂದಳು. ಕಪಾಟಿನ ಒಳಗೆ ಬಣ್ಣವೇ ಇರಲಿಲ್ಲ, ಬರೀ ಕಟ್ಟಿಗೆ. ಅದು ನನಗೆ ಹೊಳೆದೇ ಇರಲಿಲ್ಲ. ಈಗ ಅದರಲ್ಲಿ ಸ್ಟೀಲ್ ಪಾತ್ರೆ ಮಾತ್ರ ಇಡುತ್ತೇವೆ.