ಒಂದೇ ಆ್ಯಪ್: ವಾಟರ್‌ಫಾಲ್‌ನಲ್ಲಿ ಹೇಗೆ, ಸ್ಕ್ರಮ್‌ನಲ್ಲಿ ಹೇಗೆ?

ವಾಟರ್‌ಫಾಲ್ ಅಂದರೆ ಸಾಫ್ಟ್‌ವೇರ್ ಕೆಲಸದ ಒಂದು ಹಂತ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗೋ ರೀತಿ; ಸ್ಕ್ರಮ್ ಅಂದರೆ ಚಿಕ್ಕ ಚಿಕ್ಕ ಅವಧಿಗಳಲ್ಲಿ ಮಾಡಿ ತೋರಿಸುತ್ತಾ ಹೋಗೋ ರೀತಿ. ಸ್ಕ್ರಮ್‌ನ ರೋಲ್, ಮೀಟಿಂಗ್, ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗ್ ಇವೆಲ್ಲ ವಾಟರ್‌ಫಾಲ್ ಪ್ಲಾನ್‌ನಲ್ಲಿ ಯಾವುದಕ್ಕೆ ಸಮ?

ಮೆಡಿಕಲ್ ಶಾಪ್‌ಗೆ ಆರು ತಿಂಗಳಲ್ಲಿ ಆರ್ಡರ್ ಆ್ಯಪ್ ಬೇಕು ಅಂದುಕೊಳ್ಳಿ.

ವಾಟರ್‌ಫಾಲ್‌ನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಮೊದಲು ಎಲ್ಲ ರಿಕ್ವೈರ್‌ಮೆಂಟ್ ಬರೆಸಿ ಸಹಿ ಹಾಕಿಸುತ್ತಾರೆ. ಆಮೇಲೆ ಡಿಸೈನ್, ಕೋಡಿಂಗ್, ಟೆಸ್ಟಿಂಗ್. ಅಂಗಡಿಯವರು ಆ್ಯಪ್ ಮುಟ್ಟಿ ನೋಡುವುದು ಐದನೇ ತಿಂಗಳಲ್ಲಿ. ಆಗ "ಡಾಕ್ಟರ್ ಚೀಟಿಯ ಫೋಟೊ ಇಲ್ಲದೆ ಆರ್ಡರ್ ತಗೊಳ್ಳೋಕೆ ಆಗಲ್ಲ" ಅಂದರೆ ಡೇಟಾಬೇಸ್‌ನಿಂದಲೇ ಬದಲಿಸಬೇಕು.

ಸ್ಕ್ರಮ್‌ನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಅನ್ನೋ ರೋಲೇ ಇಲ್ಲ. ಯಾವುದು ಮೊದಲು ಅಂತ ಪ್ರಾಡಕ್ಟ್ ಓನರ್ ಪ್ರಾಡಕ್ಟ್ ಬ್ಯಾಕ್‌ಲಾಗ್‌ನಲ್ಲಿ ಜೋಡಿಸುತ್ತಾರೆ. ಕೆಲಸದ ಒಂದೊಂದು ಚಿಕ್ಕ ಅವಧಿಯೇ ಸ್ಪ್ರಿಂಟ್. ಈ ಸ್ಪ್ರಿಂಟ್‌ನಲ್ಲಿ ಎಷ್ಟು ಆಗುತ್ತೆ, ಹೇಗೆ ಅನ್ನೋದನ್ನ ಸ್ಪ್ರಿಂಟ್ ಪ್ಲಾನಿಂಗ್‌ನಲ್ಲಿ ಡೆವಲಪರ್‌ಗಳೇ ತೀರ್ಮಾನಿಸುತ್ತಾರೆ. ಅದೇ ಸ್ಪ್ರಿಂಟ್ ಬ್ಯಾಕ್‌ಲಾಗ್. ದಿನಾ 15 ನಿಮಿಷದ ಡೈಲಿ ಸ್ಕ್ರಮ್‌ನಲ್ಲಿ ಅದನ್ನ ಸರಿಪಡಿಸಿಕೊಳ್ಳುತ್ತಾರೆ. ಅಡ್ಡಿಗಳನ್ನು ದೂರ ಮಾಡಿಸುವುದು ಸ್ಕ್ರಮ್ ಮಾಸ್ಟರ್.

ಎರಡು ವಾರದ ಸ್ಪ್ರಿಂಟ್ ಮುಗಿದಾಗ ರಿವ್ಯೂನಲ್ಲಿ ಅಂಗಡಿಯವರು ಆ್ಯಪ್‌ನ ಸಿದ್ಧವಾದ ಭಾಗವನ್ನ, ಅಂದರೆ ಕೆಲಸ ಮಾಡುವ ಇನ್‌ಕ್ರಿಮೆಂಟನ್ನೇ ನೋಡುತ್ತಾರೆ. ಚೀಟಿಯ ಮಾತು ಅಲ್ಲೇ ಬರುತ್ತೆ, ಬ್ಯಾಕ್‌ಲಾಗ್‌ನ ಮೇಲಕ್ಕೆ ಹೋಗುತ್ತೆ. ಕೆಲಸ ಮಾಡಿದ ರೀತಿ ತಿದ್ದಿಕೊಳ್ಳೋಕೆ ರೆಟ್ರೊಸ್ಪೆಕ್ಟಿವ್ ಇದೆ.

ರಿವ್ಯೂನಲ್ಲಿ ಬರೀ ಸ್ಲೈಡ್ ತೋರಿಸಿ, ಟೆಸ್ಟಿಂಗನ್ನ ಮುಂದಿನ ಸ್ಪ್ರಿಂಟ್‌ಗೆ ತಳ್ಳುತ್ತಿದ್ದರೆ ಅದು ಸ್ಕ್ರಮ್ ಹೆಸರಿನ ವಾಟರ್‌ಫಾಲ್ ಅಷ್ಟೇ.