ಕೈಯಿಲ್ಲದ ಚಿತ್ರ, ಖಾಲಿ ಬಿಟ್ಟ ‘ಅಪ್ಪ’

“ಸಕಲೇಶಪುರದ ಹೈಸ್ಕೂಲು. ಮನಸ್ಸಲ್ಲಿ ಏನಿದೆ ಅಂತ ತಿಳಿಯೋಕೆ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಮನುಷ್ಯನ ಚಿತ್ರ ಬರೆಯೋಕೆ, ಅರ್ಧ ಕೊಟ್ಟ ವಾಕ್ಯಗಳನ್ನು ಮುಗಿಸೋಕೆ ಹೇಳಿದೆ. ಚಿತ್ರಕ್ಕೆ ಕೈಗಳೇ ಇಲ್ಲ, ‘ನನ್ನ ಅಪ್ಪ...’ ಅನ್ನೋ ವಾಕ್ಯ ಖಾಲಿ. ಮನೆಯಲ್ಲಿ ಹೊಡೀತಾರೆ ಅಂತ ವರದಿ ಬರೀಬಹುದಾ?”

ಬರೀಬೇಡಿ. ಕೈ ಬರೆಯೋದು ಕಷ್ಟ, ಎಷ್ಟೋ ಮಕ್ಕಳು ಅದಕ್ಕೇ ಬಿಡ್ತಾರೆ. ಇಂಥ ಒಂಟಿ ಗುರುತಿಗೆ ಇದೇ ಅರ್ಥ ಅನ್ನೋದು ಸಂಶೋಧನೆಯಲ್ಲಿ ನಿಂತಿಲ್ಲ. ಖಾಲಿ ವಾಕ್ಯಕ್ಕೆ ಹೆದರಿಕೆ ಕಾರಣ ಇರಬಹುದು, ಬೇಸರವೂ ಇರಬಹುದು. ಹಾಳೆ ನೋಡಿ ಹೇಳೋಕಾಗಲ್ಲ.

ಮೊದಲು ಅವನೊಬ್ಬನನ್ನೇ ಕೂರಿಸಿ, ಚಿತ್ರ ಮುಂದಿಟ್ಟು “ಇವನು ಯಾರು, ಈಗ ಏನು ಮಾಡ್ತಿದ್ದಾನೆ?” ಅಂತ ಕೇಳಿ. ಕೈ ವಿಷಯ ನೀವಾಗಿ ಎತ್ತಬೇಡಿ. ಆಮೇಲೆ ವಾಕ್ಯಗಳನ್ನು ಓದಿ ಹೇಳಿ, ಅವನು ಬಾಯಲ್ಲೇ ಮುಗಿಸಲಿ. ‘ನನ್ನ ಅಪ್ಪ’ ಅಂದ್ರೆ ‘ಒಳ್ಳೆಯವರು’ ಅಂತ ಮುಗಿಸಿಬಿಡೋದು ಸುಲಭ. ‘ಅಪ್ಪ ಮನೆಗೆ ಬಂದಾಗ ನಾನು...’ ಅಂತ ಕೊಟ್ಟರೆ ಏನಾದರೂ ನಡೆದದ್ದು ಹೇಳಬೇಕಾಗುತ್ತೆ. ನನ್ನ ಹತ್ತಿರ ಹೀಗೇ ಖಾಲಿ ಬಿಟ್ಟಿದ್ದ ಒಬ್ಬ, ಪೆನ್ಸಿಲ್ ತುದಿ ಕಚ್ಚುತ್ತಾ, “ಅಪ್ಪ ತೋಟದ ಕೆಲಸಕ್ಕೆ ಅಂತ ಹೋಗಿ ಎರಡು ವರ್ಷ ಆಯ್ತು ಮೇಡಂ, ಏನಂತ ಬರೀಲಿ?” ಅಂದ. ಏಟಲ್ಲ, ಅಪ್ಪನೇ ಇರಲಿಲ್ಲ.

ವರದಿಯಲ್ಲಿ ಅವನಾಡಿದ ಮಾತನ್ನು ಅವನದೇ ಪದಗಳಲ್ಲಿ ಬರೆಯಿರಿ, ನಿಮ್ಮ ಊಹೆ ಬೇಡ. ಹೊಡೀತಾರೆ ಅಂತ ಅವನೇ ಬಾಯಿಬಿಟ್ಟರೆ ಅಥವಾ ಮೈಮೇಲೆ ಬರೆ ಕಂಡರೆ ಇನ್ನೊಂದು ಚಿತ್ರ ಬರೆಸುತ್ತಾ ಕೂರಬೇಡಿ, ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.